ಇಲಿ ಜ್ವರಕ್ಕೆ ‘ಕೊಲ್ಲದ’ ಮಾತ್ರೆ ಸಾಕಾ? ಹೀಗೆ ನೋಡಿ

ಮಳೆಗಾಲದಲ್ಲಿ ಹಿಂದ್‌ಮಾತಾ ಕಡೆ ಮೊಣಕಾಲುದ್ದ ನೀರಲ್ಲಿ ನಡೆದ ಮೇಲೆ ಜ್ವರ ಬಂದರೆ, ಮುಂಬೈ ಡಾಕ್ಟರು ಮೊದಲು ಯೋಚಿಸುವ ಕಾಯಿಲೆಗಳಲ್ಲಿ ಇಲಿ ಜ್ವರವೂ ಒಂದು. ಮಾಟುಂಗಾದ ಹೋಟೆಲಿನ 24ರ ಹುಡುಗನೊಬ್ಬನಿಗೆ ಹೀಗಾಯ್ತು ಅಂತಿಟ್ಟುಕೊಳ್ಳಿ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ಡಾಕ್ಟರು ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೆ ಎರಡು ಸಲ, 7 ದಿನ ಅಂತ ಬರೆದರು. ಅದು ಬ್ಯಾಕ್ಟೀರಿಯಾ ಕೊಲ್ಲಲ್ಲ, ಬೆಳೆಯೋದನ್ನು ತಡೆಯುತ್ತೆ ಅಷ್ಟೆ ಅಂತ ಯಾರೋ ಹೇಳಿದ್ದಕ್ಕೆ ಈಗ ಅವನಿಗೆ ಭಯ.

ಮೊದಲು ಆ ಹಣೆಪಟ್ಟಿ ಎಲ್ಲಿಂದ ಬಂತು ನೋಡಿ. ಲ್ಯಾಬಿನಲ್ಲಿ 24 ಗಂಟೆಯೊಳಗೆ 1000 ಬ್ಯಾಕ್ಟೀರಿಯಾದಲ್ಲಿ 999 ಸತ್ತರೆ ಕೊಂದಂತೆ ಲೆಕ್ಕ. ಬೆಳವಣಿಗೆ ನಿಲ್ಲಿಸಲು ಬೇಕಾದ ಪ್ರಮಾಣದ 4 ಪಟ್ಟಿನೊಳಗೇ ಔಷಧಿ ಇದನ್ನು ಮಾಡಿದರೆ ಬ್ಯಾಕ್ಟೀರಿಸೈಡಲ್, ಅದಕ್ಕಿಂತ ಜಾಸ್ತಿ ಬೇಕಾದರೆ ಬ್ಯಾಕ್ಟೀರಿಯೊಸ್ಟಾಟಿಕ್. ಅಂದರೆ ಎರಡನೆಯದೂ ಕೊಲ್ಲಬಲ್ಲದು, ಅದಕ್ಕೆ ಪ್ರಮಾಣ ಹೆಚ್ಚು ಬೇಕು ಅಷ್ಟೆ. ಬ್ಯಾಕ್ಟೀರಿಯಾ ಬದಲಾದರೆ ಹಣೆಪಟ್ಟಿಯೂ ಬದಲಾಗುತ್ತದೆ: ಲಿನೆಜೋಲಿಡ್ ಅನ್ನೋ ಔಷಧಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಬಹುತೇಕ ಸ್ಟ್ರೆಪ್ಟೊಕಾಕಸ್‌ಗಳನ್ನು ಕೊಲ್ಲುತ್ತದೆ.

ಆಮೇಲೆ ಕೇಳಬೇಕಾದ್ದು, ಸೋಂಕು ಇರುವ ಜಾಗಕ್ಕೆ ಬಿಳಿ ರಕ್ತಕಣಗಳು ಹೋಗಬಲ್ಲವಾ? ಈ ಹುಡುಗನಿಗೆ ಹೋಗುತ್ತವೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸೋದನ್ನು ನಿಲ್ಲಿಸುತ್ತದೆ, ಹೆಚ್ಚಾಗದೆ ಉಳಿದವನ್ನು ಅವನ ದೇಹವೇ ಮುಗಿಸುತ್ತದೆ. ಹಾಗಾಗಿ ಅವನು ಔಷಧಿ ಬದಲಿಸಬೇಕಿಲ್ಲ.

ಸೋಂಕು ಹೃದಯದ ಕವಾಟದ ಮೇಲಿದ್ದರೆ ಲೆಕ್ಕ ಬೇರೆ. ಅಲ್ಲಿ ಹೆಪ್ಪುಗಟ್ಟಿದ ಗಂಟಿನೊಳಗೆ ಬ್ಯಾಕ್ಟೀರಿಯಾ ಅಡಗಿರುತ್ತವೆ, ಬಿಳಿ ಕಣಗಳು ಒಳಗೆ ಹೊಗಲಾರವು, ಆದ್ದರಿಂದ ಕೊಲ್ಲುವ ಕೆಲಸವನ್ನೆಲ್ಲ ಔಷಧಿಯೇ ಮಾಡಬೇಕು. ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ ಸಾಮಾನ್ಯವಾಗಿ 4ರಿಂದ 6 ವಾರ ಕೊಡುವುದು ಇದಕ್ಕೇ. ಮೆದುಳಿನ ಪೊರೆಯ ಸೋಂಕಿನಲ್ಲಿ, ಕೀಮೋ ನಂತರ ಬಿಳಿ ಕಣ ತೀರಾ ಇಳಿದವರಲ್ಲಿ ಕೂಡ ಡಾಕ್ಟರು ಕೊಲ್ಲುವ ಔಷಧಿಯ ಕಡೆಗೇ ವಾಲುತ್ತಾರೆ. ಮಿಕ್ಕ ಹೆಚ್ಚಿನ ಸೋಂಕುಗಳಲ್ಲಿ, ಬರೀ ಕೊಲ್ಲುತ್ತದೆ ಅನ್ನೋ ಕಾರಣಕ್ಕೆ ಒಂದು ಔಷಧಿ ಮೇಲು ಅಂತ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ.

ಜಾಸ್ತಿ ಸ್ಟ್ರಾಂಗ್ ಆಗಲಿ ಅಂತ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅನ್ನು ದಯವಿಟ್ಟು ಜೊತೆಗೆ ನುಂಗಬೇಡಿ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಗೋಡೆಯನ್ನು ಕೆಡಿಸುತ್ತದೆ. ಬೆಳವಣಿಗೆಯೇ ನಿಂತರೆ ಅದರ ಕೆಲಸ ಕುಂಠಿತವಾಗಬಹುದು. ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ಮೆದುಳಿನ ಪೊರೆಗೆ ಸೋಂಕಾದವರಿಗೆ ಇಂಥ ಜೋಡಿ ಕೊಟ್ಟಾಗ ಬರೀ ಪೆನಿಸಿಲಿನ್ ಪಡೆದವರಿಗಿಂತ ಹೆಚ್ಚು ಜನ ಸತ್ತಿದ್ದು 1951ರಲ್ಲೇ ವರದಿಯಾಗಿತ್ತು.

ಹುಡುಗನ ಜ್ವರ 2 ದಿನಕ್ಕೆ ಇಳಿದರೂ 7 ದಿನ ಪೂರ್ತಿ ಮಾತ್ರೆ ತಗೋಬೇಕು, ತುಂಬಾ ನೀರು ಕುಡಿದು, ಕೂಡಲೇ ಮಲಗದೆ. ಕಣ್ಣು ಹಳದಿಯಾದರೆ, ಮೂತ್ರ ಕಮ್ಮಿಯಾದರೆ, ಉಸಿರು ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಯಾವ ದಿನ ನೀರಲ್ಲಿ ನಡೆದಿದ್ದು, ಎಷ್ಟು ಮಾತ್ರೆ ಆಗಿದೆ ಅಂತ ಹೇಳಬೇಕು.