ಸೆಲ್ಫಿಯಲ್ಲಿ ಮುಖ ಕಪ್ಪಾಗಿದ್ದರೆ ಫೋನಿನಲ್ಲೇ ಸರಿಪಡಿಸುವುದು ಹೇಗೆ?

ಕಿಟಕಿಗೋ ತೆರೆದ ಬಾಗಿಲಿಗೋ ಬೆನ್ನು ಮಾಡಿ ತೆಗೆದ ಸೆಲ್ಫಿಯಲ್ಲಿ ಹಿಂದಿನ ಅಂಗಳ ಬೆಳ್ಳಗೆ ಹೊಳೆಯುತ್ತದೆ, ಮುಖ ಮಾತ್ರ ಕಪ್ಪಾಗಿರುತ್ತದೆ. ಹಿಂದಿನ ಜೋರು ಬೆಳಕಿಗೆ ಹೊಂದಿಕೊಳ್ಳಲು ಕ್ಯಾಮೆರಾ ಇಡೀ ಚಿತ್ರವನ್ನೇ ಮಬ್ಬು ಮಾಡುವುದರಿಂದ ಹೀಗಾಗುತ್ತದೆ. ಇದನ್ನು ಸರಿಪಡಿಸಲು ಬೇರೆ ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ. ಇಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನಿನ ಗ್ಯಾಲರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಫೋನುಗಳಲ್ಲಿ ಗುಂಡಿಗಳ ಜಾಗ ಬದಲಾದರೂ ಬೆಳಕು ತಿದ್ದುವ ಕ್ರಮ ಇದೇ.

ಮೊದಲು ಫೋನಿನ ಪರದೆಯ ಬೆಳಕನ್ನು ಅರ್ಧಕ್ಕಿಂತ ತುಸು ಹೆಚ್ಚಿಗೆ ಇಟ್ಟುಕೊಳ್ಳಿ. ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ವ್ಯವಸ್ಥೆ ಚಾಲೂ ಇದ್ದರೆ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಪರದೆಯೇ ಮಂಕಾಗಿದ್ದರೆ ಸರಿಯಾಗಿರುವ ಚಿತ್ರವೂ ಕಪ್ಪಾಗಿ ಕಾಣುತ್ತದೆ, ಅದನ್ನು ನಂಬಿ ತಿದ್ದಿದ ಚಿತ್ರ ಮಕ್ಕಳ ಫೋನಿನಲ್ಲಿ ವಿಪರೀತ ಬೆಳ್ಳಗೆ ಕಾಣಿಸುತ್ತದೆ.

ಗ್ಯಾಲರಿಯಲ್ಲಿ ಚಿತ್ರ ತೆರೆದು ಕೆಳಗಿರುವ ಪೆನ್ಸಿಲ್ ಗುರುತನ್ನು ಒತ್ತಿ, ಬಳಿಕ ಸೂರ್ಯನಂತಿರುವ ಗುರುತನ್ನು ಒತ್ತಿ. Brightness, Contrast, Highlights, Shadows ಮುಂತಾದ ಹೆಸರುಗಳ ಸಾಲು ಬರುತ್ತದೆ. ಎಲ್ಲರೂ ಮೊದಲು ಮುಟ್ಟುವುದು Brightness ಅನ್ನೇ. ಅದು ಮುಖದ ಜೊತೆಗೆ ಹಿಂದಿನ ಅಂಗಳವನ್ನೂ ಬಿಳಿ ಅಂಗಿಯನ್ನೂ ನರೆಗೂದಲನ್ನೂ ಒಟ್ಟಿಗೇ ಬೆಳಗಿಸುವುದರಿಂದ, ಮುಖ ಸರಿಯಾಗುವ ಹೊತ್ತಿಗೆ ಕೂದಲು ಬರೀ ಬಿಳಿ ತೇಪೆಯಾಗಿಬಿಟ್ಟಿರುತ್ತದೆ. ಆದ್ದರಿಂದ ಚಿತ್ರದ ಕಪ್ಪು ಭಾಗಗಳನ್ನಷ್ಟೇ ಮೇಲೆತ್ತುವ Shadows ನಿಂದ ಆರಂಭಿಸಿ.

ಬಿಳಿ ಅಂಗಿ ತೊಟ್ಟ ಅಜ್ಜ ಬಾಗಿಲಿಗೆ ಬೆನ್ನು ಮಾಡಿ ತೆಗೆದುಕೊಂಡ ಸೆಲ್ಫಿಯನ್ನೇ ನೋಡೋಣ. Shadows ಆರಿಸಿ, ಅದರ ಅಳತೆಪಟ್ಟಿಯನ್ನು ನಿಧಾನವಾಗಿ ಎಳೆಯುತ್ತಾ 40ರ ಸುಮಾರಿಗೆ ತಂದರೆ ಕೆನ್ನೆ, ಕಣ್ಣು, ಕತ್ತಿನ ಭಾಗ ತಿಳಿಯಾಗುತ್ತವೆ. ಅನಂತರ Highlights ಅನ್ನು ಸೊನ್ನೆಯಿಂದ ಕೆಳಕ್ಕೆ, -30ರವರೆಗೆ ಇಳಿಸಿದರೆ ಅಂಗಿಯ ಮಡಿಕೆಗಳು ಮತ್ತೆ ಕಾಣತೊಡಗುತ್ತವೆ. ಇಷ್ಟಾದ ಮೇಲೂ ಮುಖ ಮಂಕಾಗಿದ್ದರೆ ಮಾತ್ರ Brightness ಅನ್ನು 10ರಷ್ಟು ಏರಿಸಿ. ಈ ಅಂಕಿಗಳು ಅಂದಾಜಿಗಷ್ಟೇ, ನಿಮ್ಮ ಚಿತ್ರಕ್ಕೆ ಎಷ್ಟು ಬೇಕೆಂಬುದನ್ನು ಕಣ್ಣೇ ಹೇಳಬೇಕು.

ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಎರಡು ಬೆರಳಿನಿಂದ ಗಲ್ಲದ ಕೆಳಭಾಗವನ್ನು ಹಿಗ್ಗಿಸಿ ನೋಡಿ. ಚರ್ಮದ ಮೇಲೆ ರವೆ ಉದುರಿಸಿದಂತೆ ಕಾಳುಕಾಳಾಗಿ ಕಂಡರೆ Shadows ಅತಿಯಾಗಿದೆ ಎಂದರ್ಥ, ಸ್ವಲ್ಪ ಹಿಂದಕ್ಕೆ ಎಳೆಯಿರಿ. ಬಾಗಿಲಾಚೆಯ ಆಕಾಶ ಮೊದಲೇ ಪೂರ್ತಿ ಬಿಳಿಯಾಗಿದ್ದರೆ Highlights ಎಷ್ಟು ಇಳಿಸಿದರೂ ಅದು ಬೂದುಬಣ್ಣಕ್ಕೆ ತಿರುಗುತ್ತದೆಯೇ ಹೊರತು ಮೋಡ ಮರಳಿ ಬರುವುದಿಲ್ಲ, ಏಕೆಂದರೆ ಚಿತ್ರದಲ್ಲಿ ಆ ಮೋಡ ದಾಖಲಾಗಿಯೇ ಇಲ್ಲ. ಇಡೀ ಚಿತ್ರ ಮಂಜು ಕವಿದಂತಿದ್ದರೆ ಅದು ಬಹುಮಟ್ಟಿಗೆ ಲೆನ್ಸಿನ ಮೇಲಿನ ಬೆರಳಿನ ಜಿಡ್ಡು. ಮೆತ್ತನೆಯ ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ತೆಗೆಯುವುದೇ ಮೇಲು.

ಇನ್ನು ಕಲೆಗಳ ವಿಷಯ. ಬೆಳಕು ತಿದ್ದಿದ ಬಳಿಕವೇ ಇದಕ್ಕೆ ಕೈ ಹಾಕಬೇಕು, ಏಕೆಂದರೆ ಕತ್ತಲಲ್ಲಿ ಕಲೆಯಂತೆ ಕಂಡದ್ದು ಎಷ್ಟೋ ಸಲ ನೆರಳಾಗಿರುತ್ತದೆ. Face effects ಎಂಬುದರ ಒಳಗೆ Spot fixer ಇರುತ್ತದೆ. ಕೆಲವು ಫೋನುಗಳಲ್ಲಿ ಇದು ಕೆಳಸಾಲಿನ ಕೊನೆಯ ನಾಲ್ಕು ಚುಕ್ಕೆಯ ಗುರುತಿನಲ್ಲಿ, ಕೆಲವುದರಲ್ಲಿ ಮೂರು ಚುಕ್ಕೆಯ ಪಟ್ಟಿಯಲ್ಲಿ ಸಿಗುತ್ತದೆ. ಅಜ್ಜನ ಗಲ್ಲದ ಮೇಲಿನ ಸೊಳ್ಳೆ ಕಚ್ಚಿದ ಗುರುತನ್ನು ಚೆನ್ನಾಗಿ ಹಿಗ್ಗಿಸಿಕೊಂಡು, ಅದರ ಮೇಲೆ ಒಮ್ಮೆ ಮಾತ್ರ ತಟ್ಟಿ. ಸುತ್ತಲಿನ ಚರ್ಮದ ಬಣ್ಣವನ್ನೇ ತೆಗೆದುಕೊಂಡು ಫೋನು ಆ ಜಾಗವನ್ನು ಮುಚ್ಚುತ್ತದೆ. ಕನ್ನಡಕದ ಅಂಚಿಗೋ ಮೀಸೆಗೋ ತಾಗಿದ ಕಲೆಯಾದರೆ ಅಂಚಿನ ಬಣ್ಣವೂ ಸೇರಿ ಮಸಿ ಬಳಿದಂತಾಗಬಹುದು. ಹಾಗಾದರೆ ಹಿಂದಕ್ಕೆ ತಿರುಗಿದ ಬಾಣದ ಗುರುತು ಒತ್ತಿ ಅದನ್ನು ಬಿಟ್ಟುಬಿಡಿ. ನಾಲ್ಕು ದಿನಕ್ಕೆ ಮಾಯುವ ಕಲೆಯನ್ನು ತೆಗೆಯುವುದು ಸರಿ. ಹುಟ್ಟುಮಚ್ಚೆಯನ್ನು ಮುಟ್ಟಬೇಡಿ, ಪಕ್ಕದಲ್ಲಿರುವ Smoothness ಅನ್ನಂತೂ ಏರಿಸಲೇಬೇಡಿ ಎಂಬುದು ನನ್ನ ಒತ್ತಾಯ. ಅದು ಸುಕ್ಕನ್ನಷ್ಟೇ ಅಲ್ಲ, ನಕ್ಕಾಗ ಕಣ್ಣಂಚಿನಲ್ಲಿ ಮೂಡುವ ಗೆರೆಗಳನ್ನೂ ಅಳಿಸಿ, ಮನೆಯವರೇ ಗುರುತು ಹಿಡಿಯದ ಮುಖವನ್ನು ಉಳಿಸುತ್ತದೆ.

ಕೆಲಸ ಮುಗಿದ ಮೇಲೆ ಮೂರು ಚುಕ್ಕೆ ಒತ್ತಿ Save as copy ಆರಿಸಿದರೆ ಮೂಲ ಚಿತ್ರ ಹಾಗೆಯೇ ಉಳಿದು, ತಿದ್ದಿದ್ದು ಬೇರೆಯಾಗಿ ಸೇರುತ್ತದೆ. ಮರೆತು ಬರೀ Save ಒತ್ತಿದ್ದರೂ ಗಾಬರಿ ಬೇಡ. ಅದೇ ಚಿತ್ರ ತೆರೆದು ಪೆನ್ಸಿಲ್ ಗುರುತು ಒತ್ತಿದಾಗ ಸಿಗುವ Revert ನಿಂದ ಮೂಲ ಚಿತ್ರವನ್ನು ಮರಳಿ ಪಡೆಯಬಹುದು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಗೆ ಈ ಅನುಕೂಲವಿಲ್ಲ. ಪಾಸ್‌ಪೋರ್ಟಿನಂಥ ಗುರುತಿನ ದಾಖಲೆಗೆ ಕೊಡುವ ಭಾವಚಿತ್ರವನ್ನು ಹೀಗೆ ತಿದ್ದಬಾರದು. ಅದಕ್ಕೆ ಬೆಳಕಿಗೆ ಮುಖ ಮಾಡಿ ಕುಳಿತು ಹೊಸದಾಗಿಯೇ ತೆಗೆಸಿಕೊಳ್ಳಿ.