ಸಹಾಯಾರ್ಥ ಹರಾಜು: ವೇದಿಕೆಯ ಮಾತನ್ನು ಬರೆದುಕೊಳ್ಳುವುದು ಹೇಗೆ?

ಮುಂಬಯಿಯ ಕನ್ನಡ ಸಂಘವೊಂದು ವಿದ್ಯಾರ್ಥಿವೇತನ ನಿಧಿಗಾಗಿ ವಾರ್ಷಿಕೋತ್ಸವದಲ್ಲಿ ಹರಾಜು ಇಟ್ಟುಕೊಂಡಿದೆ, ನಡೆಸಿಕೊಡುವ ಹೊಣೆ ನಿಮ್ಮದು ಎಂದಾದರೆ ಮೊದಲು ಗಡಿಯಾರ ನೋಡಿ. ಮಾಟುಂಗಾದ ಸಭಾಂಗಣಕ್ಕೆ ಡೊಂಬಿವಲಿಯಿಂದ, ಮೀರಾ ರೋಡಿನಿಂದ, ವಾಶಿಯಿಂದ ಬಂದವರಿರುತ್ತಾರೆ. ಊಟ ಮುಗಿದೊಡನೆ ಅವರ ಮನಸ್ಸು ರೈಲಿನ ಕಡೆಗೆ ಹೊರಳುತ್ತದೆ. ಆದ್ದರಿಂದ ಹರಾಜನ್ನು ಊಟಕ್ಕೆ ಮೊದಲು, ಮಕ್ಕಳ ನೃತ್ಯ ಮುಗಿದ ಬೆನ್ನಿಗೇ ಇರಿಸಿ. ತಂದೆ ತಾಯಿ, ಅಜ್ಜ ಅಜ್ಜಿ ಎಲ್ಲರೂ ಆಗ ಕುರ್ಚಿಯಲ್ಲೇ ಇರುತ್ತಾರೆ. ಒಂದು ವಸ್ತುವಿಗೆ ಮೂರು ನಿಮಿಷದಂತೆ ಎಂಟು ವಸ್ತು ಸಾಕು. ಹತ್ತು ದಾಟಿದರೆ ಎಷ್ಟೇ ಚೆನ್ನಾದ ವಸ್ತುವಿಗೂ ಕೈಗಳು ಏಳುವುದಿಲ್ಲ.

ಎಲ್ಲರ ಕೈಗೆಟಕುವ ಒಂದು ವಸ್ತುವಿನಿಂದ ಆರಂಭಿಸಿ. ಅತಿ ಬೆಲೆಯದನ್ನು ನಾಲ್ಕನೆಯದಾಗಿ ಇಡಿ. ಅದನ್ನು ಕೊನೆಗೆ ಉಳಿಸಿಕೊಳ್ಳುವವರು ಬಹಳ. ಆದರೆ ಸಭೆ ಬಿಸಿಯೇರಿರುವುದು ನಡುವಿನಲ್ಲಿ, ಕೊನೆಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಸಾರಿನ ಪರಿಮಳ ಬರುತ್ತಿರುತ್ತದೆ.

ಇನ್ನು ಮಾತು. ಪ್ರತಿ ವಸ್ತುವಿಗೂ ಅರ್ಧ ಪುಟ ಬರೆದುಕೊಳ್ಳಿ. ಅದರಲ್ಲಿ ಮೂರು ಸಂಗತಿಗಳಿರಲಿ: ವಸ್ತು ಏನು, ಅದರಲ್ಲಿ ವಿಶೇಷವೇನು, ಅದರಿಂದ ಬಂದ ಹಣ ಯಾರಿಗೆ. ಅದೇ ಪುಟದ ಅಂಚಿನಲ್ಲಿ ಬೆಲೆಯ ಮೆಟ್ಟಿಲುಗಳನ್ನೂ ಬರೆಯಿರಿ. ಈ ಅಂಚಿನ ಸಾಲು ಮಾತಿಗಿಂತ ಮುಖ್ಯ. ವೇದಿಕೆಯ ಮೇಲೆ ನಿಂತು ಮುಂದಿನ ಮೊತ್ತವನ್ನು ಮನಸ್ಸಿನಲ್ಲಿ ಲೆಕ್ಕ ಹಾಕುವವರ ದನಿ ಒಂದು ಕ್ಷಣ ತಡೆಯುತ್ತದೆ, ಆ ಕ್ಷಣದಲ್ಲೇ ಏಳಬೇಕಾಗಿದ್ದ ಕೈ ಕೆಳಗಿಳಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಯಾರೋ ಊರಿನ ಮನೆಯಿಂದ ತಂದುಕೊಟ್ಟ ಹಳೆಯ ಚೆನ್ನೆಮಣೆ. ಅಂದಾಜು ಬೆಲೆ 5,000 ರೂಪಾಯಿ. 4,000ಕ್ಕಿಂತ ಕಡಿಮೆಗೆ ಕೊಡಬಾರದೆಂದು ಸಮಿತಿ ತೀರ್ಮಾನಿಸಿದೆ, ಅದು ನಿಮಗೆ ಮಾತ್ರ ಗೊತ್ತು. ಕೂಗು 2,000ದಿಂದ ಶುರುವಾಗಲಿ. ಅಂದಾಜಿನ ಅರ್ಧಕ್ಕಿಂತ ಕೆಳಗೆ ಆರಂಭಿಸಿದರೆ ‘ನಾನೂ ಒಂದು ಕೈ ನೋಡೋಣ’ ಎನ್ನುವವರು ಹೆಚ್ಚುತ್ತಾರೆ. 5,000ದ ತನಕ 500ರ ಮೆಟ್ಟಿಲು, ಆಮೇಲೆ 1,000ದ್ದು. ಮಾತು ಹೀಗಿರಬಹುದು:

“ಇದು ಹಲಸಿನ ಮರದ ಚೆನ್ನೆಮಣೆ. ಏಳೇಳರ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿಗಳೂ ಜೊತೆಗಿವೆ. ನಾನೇ ಎಣಿಸಿದ್ದೇನೆ, ಸೋತವರು ಕಾಯಿ ಕಡಿಮೆಯಿತ್ತೆಂದು ದೂರುವಂತಿಲ್ಲ! ಆಟಿಯ ಮಳೆಯಲ್ಲಿ ಚಾವಡಿಯಲ್ಲಿ ಕುಳಿತು ಇದನ್ನು ಆಡಿದವರು ಎಷ್ಟು ಮಂದಿ? ಕೈ ಎತ್ತಿ ನೋಡೋಣ. ಆಹಾ, ಇಷ್ಟು ಕೈಗಳು! ಎಲ್ಲರದ್ದೂ ಎರಡೆರಡು ಸಾವಿರ ಎಂದು ಬರೆದುಕೊಳ್ಳಲೇ? ಹೆದರಬೇಡಿ, ಇಳಿಸಿ. ಈ ಮಣೆಯ ಹಣ ನಮ್ಮ ವಿದ್ಯಾರ್ಥಿಗಳ ಪುಸ್ತಕಕ್ಕೆ ಹೋಗುತ್ತದೆ. ಈಗ ನಿಜವಾದ ಕೂಗು. ಎರಡು ಸಾವಿರ, ಯಾರು?”

ನಗು ಬಂದ ಮೇಲೆ ಕೈಗಳನ್ನು ಇಳಿಸಿಯೇ ಮುಂದುವರಿಯಬೇಕು. ಇಲ್ಲದಿದ್ದರೆ ಯಾವ ಕೈ ನೆನಪಿನದ್ದು, ಯಾವುದು ಬೆಲೆಯದ್ದು ಎಂಬುದೇ ತಿಳಿಯದು. ಹಾಸ್ಯ ವಸ್ತುವಿನ ಸುತ್ತ ಅಥವಾ ಎಲ್ಲರಿಗೂ ಸೇರಿದ ಸಂಗತಿಯ ಸುತ್ತ ಇರಲಿ. ಒಬ್ಬರ ಸಿರಿವಂತಿಕೆ, ಗಂಡ ಹೆಂಡಿರ ಜೇಬು, ಜಾತಿ, ಮೈಕಟ್ಟು ಇವುಗಳನ್ನು ಮುಟ್ಟಲೇಬಾರದು. ‘ಹೋಟೆಲಿನ ಧಣಿಗಳು ಇಷ್ಟಕ್ಕೇ ನಿಂತರೆ ಹೇಗೆ?’ ಎಂದರೆ ಸಭೆ ನಗಬಹುದು, ಆದರೆ ಆ ಮನುಷ್ಯ ಮುಂದಿನ ವರ್ಷ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ.

ಪ್ರವೇಶದಲ್ಲೇ ಎಲ್ಲರಿಗೂ ಸಂಖ್ಯೆ ಬರೆದ ರಟ್ಟು ಕೊಟ್ಟಿರಿ. 12ನೇ ರಟ್ಟು 2,000ಕ್ಕೆ ಎದ್ದಿತು, 31ನೆಯದು 2,500ಕ್ಕೆ ಎನ್ನೋಣ. ಇಲ್ಲಿಂದ ಈ ಇಬ್ಬರ ನಡುವೆ ಮಾತ್ರ ನಿಮ್ಮ ಕಣ್ಣು ಓಡಾಡಲಿ. ಮೂರನೆಯವರು ಕೈ ಎತ್ತಿದರೂ ‘ಅಣ್ಣ, ನಿಮ್ಮನ್ನು ನೋಡಿದ್ದೇನೆ, ಒಂದು ಕ್ಷಣ’ ಎಂದು ನಿಲ್ಲಿಸಿ. ಮೂವರು ನಾಲ್ವರು ಒಟ್ಟಿಗೆ ಕೂಗಿದರೆ ಸದ್ದು ಹೆಚ್ಚುತ್ತದೆ, ಬೆಲೆ ಏರುವುದಿಲ್ಲ. ‘ಇನ್ನೂ ಹೆಚ್ಚು ಯಾರಾದರೂ?’ ಎಂದು ಗಾಳಿಗೆ ಕೇಳಬೇಡಿ. ಒಬ್ಬರನ್ನು ನೋಡಿ, ಒಂದು ಮೊತ್ತ ಹೇಳಿ: “ಅಕ್ಕ, ಮೂರೂವರೆ?” ಹೌದು ಅಥವಾ ಇಲ್ಲ ಎನ್ನುವುದು ಅವರಿಗೆ ಸುಲಭ.

12ನೆಯವರು 4,000ಕ್ಕೆ ಬಂದರು, 31ನೇ ರಟ್ಟಿನ ಅಕ್ಕ ಅನುಮಾನಿಸುತ್ತಿದ್ದಾರೆ. ಆಗ ಒಂದೇ ವಾಕ್ಯ: “ಅಕ್ಕ, ನಾಲ್ಕೂವರೆ ಸಾವಿರ. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಲು ಇದಕ್ಕಿಂತ ಅಗ್ಗದ ಉಪಾಯ ಇದೆಯೇ?” ಅವರು ಬೇಡವೆಂದು ತಲೆಯಾಡಿಸಿದರೆ ಎರಡನೇ ಸಲ ಒತ್ತಾಯಿಸಬೇಡಿ. “ಇಲ್ಲಿಯ ತನಕ ಏರಿಸಿದ್ದು ನೀವೇ ಅಕ್ಕ, ಧನ್ಯವಾದ” ಎನ್ನಿ. ಸಭೆ ಚಪ್ಪಾಳೆ ತಟ್ಟಲಿ. ಸೋತವರಿಗೆ ಸಿಕ್ಕ ಈ ಮರ್ಯಾದೆಯನ್ನು ನೋಡಿಯೇ ಸಂಕೋಚದವರು ಮುಂದಿನ ವಸ್ತುವಿಗೆ ಕೈ ಎತ್ತುತ್ತಾರೆ. ಈಗ ಕಾದಿದ್ದ 44ನೆಯವರ ಕಡೆ ತಿರುಗಿ. ಅವರು 4,500, 12ನೆಯವರು 5,000. ಮೆಟ್ಟಿಲು ದೊಡ್ಡದಾಯಿತೆಂದು ಸ್ಪಷ್ಟವಾಗಿ ಹೇಳಿ. 6,000, 7,000. 44ನೆಯವರು ಎಂಟಕ್ಕೆ ಒಲ್ಲೆ ಎಂದರೆ ಅರ್ಧ ಮೆಟ್ಟಿಲು ಕೊಡಿ: “ಏಳೂವರೆ ಆದೀತೇ?” ಒಂದು ವಸ್ತುವಿಗೆ ಇದು ಒಂದೇ ಸಲ. ಪದೇ ಪದೇ ಕೊಟ್ಟರೆ ಎಲ್ಲರೂ ಅರ್ಧಕ್ಕೇ ಕಾಯುತ್ತಾರೆ. ಏಳೂವರೆಗೆ ಅವರು ಒಪ್ಪಿದರು, 12ನೆಯವರು 8,000 ಎಂದರು, 44ನೆಯವರು ಕೈಮುಗಿದರು. ಈಗ ನಿಧಾನವಾಗಿ “ಎಂಟು ಸಾವಿರ ಒಂದು ಸಲ… ಎರಡು ಸಲ… ಮೂರು ಸಲ!” ಎರಡನೆಯ ಸಲದ ಬಳಿಕ ಸಭೆಯನ್ನೆಲ್ಲ ಒಮ್ಮೆ ನೋಡುವಷ್ಟು ಬಿಡುವಿರಲಿ. ಮೂರನೆಯದರ ನಂತರ ಬಂದ ಕೂಗನ್ನು, ಅದು ಅಧ್ಯಕ್ಷರದ್ದೇ ಆದರೂ, ತೆಗೆದುಕೊಳ್ಳಬಾರದು.

5,000ದ ವಸ್ತು 8,000ಕ್ಕೆ ಹೋದದ್ದು ನಮ್ಮವರಿಗೆ ವಿಚಿತ್ರವೆನಿಸುವುದಿಲ್ಲ. ಕರಾವಳಿಯ ದೇವಸ್ಥಾನದಲ್ಲಿ, ಚರ್ಚಿನಲ್ಲಿ ಹರಕೆಯ ಹಲಸು, ಕುಂಬಳಕಾಯಿಗಳು ಸಂತೆಯ ಬೆಲೆಗಿಂತ ಎಷ್ಟೋ ಮೇಲೆ ಹೋಗುವುದನ್ನು ನೋಡಿ ಬೆಳೆದವರೇ ಹೆಚ್ಚು.

ಆರಂಭದ ಕೂಗಿಗೇ ಮೌನ ಕವಿದರೆ? ಮತ್ತೆ ವರ್ಣನೆಗೆ ಇಳಿಯಬೇಡಿ, ಅದು ಬೇಡಿದಂತೆ ಕೇಳಿಸುತ್ತದೆ. ನಗುತ್ತಲೇ ಸಾವಿರಕ್ಕೆ ಇಳಿಸಿ, ಕೈ ಎದ್ದ ಮೇಲೆ ಮೆಟ್ಟಿಲು ಹತ್ತಿಸಿ. 4,000 ಮುಟ್ಟದಿದ್ದರೆ “ಇದನ್ನು ಸಮಿತಿ ಇಟ್ಟುಕೊಳ್ಳುತ್ತದೆ” ಎಂದು ಮುಂದೆ ಸಾಗಿ. ಇಲ್ಲದ ಕೈಯನ್ನು ಇದೆಯೆಂದು ತೋರಿಸಿ ಬೆಲೆ ಏರಿಸುವುದು ಮೋಸ, ಅದೂ ಮಕ್ಕಳ ಓದಿನ ಹೆಸರಿನಲ್ಲಿ. ನಿಜವಾಗಿ ಕೊಳ್ಳಲು ಸಿದ್ಧರಿರುವ ಒಬ್ಬರನ್ನು ಮೊದಲ ಕೂಗು ಕೂಗುವಂತೆ ಮೊದಲೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಎಂಟೂ ಮುಗಿದ ಮೇಲೆ ಏನೂ ಕೊಳ್ಳದವರೇ ಸಭೆಯಲ್ಲಿ ಹೆಚ್ಚಿರುತ್ತಾರೆ. ಅವರಿಗಾಗಿ ಐದು ನಿಮಿಷ ಉಳಿಸಿಕೊಂಡು, ವಸ್ತುವಿಲ್ಲದ ನೇರ ದೇಣಿಗೆ ಕೇಳಿ. ಇಲ್ಲಿ ಲೆಕ್ಕ ಮೇಲಿನಿಂದ ಕೆಳಗೆ: ಮೊದಲು 25,000, ಆಮೇಲೆ 10,000, 5,000, 1,000. ಪ್ರತಿ ಹಂತದಲ್ಲೂ ಎದ್ದ ರಟ್ಟುಗಳ ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಬರೆದುಕೊಳ್ಳುವವರಿಗೆ ಸಮಯ ಕೊಡಿ. ಕೆಳಗಿನಿಂದ ಆರಂಭಿಸಿದರೆ ಹತ್ತು ಸಾವಿರ ಕೊಡಬಲ್ಲವರೂ ಸಾವಿರಕ್ಕೇ ಕೈ ಎತ್ತಿ ಸುಮ್ಮನಾಗುತ್ತಾರೆ.

ಒಬ್ಬ ಸಹಾಯಕರು ಪ್ರತಿ ವಸ್ತುವಿನ ರಟ್ಟಿನ ಸಂಖ್ಯೆ, ಮೊತ್ತ ಬರೆದು ಗೆದ್ದವರ ಸಹಿಯನ್ನು ಕುಳಿತಲ್ಲೇ ಪಡೆಯಲಿ. ಹಣ ಪಾವತಿಯ ಮೇಜು ಊಟದ ಸಾಲಿನ ದಾರಿಯಲ್ಲೇ ಇರಲಿ, ಯುಪಿಐ ಸಂಕೇತವನ್ನು ದೊಡ್ಡದಾಗಿ ಮುದ್ರಿಸಿ ಅಂಟಿಸಿ. ಹರಾಜಿನಲ್ಲಿ ಕೊಂಡ ವಸ್ತುವಿಗೆ ತೆರಿಗೆ ವಿನಾಯಿತಿ ಸಿಗುತ್ತದೆಂದು ವೇದಿಕೆಯಿಂದ ಹೇಳಬೇಡಿ. ವಸ್ತು ಪಡೆದು ಕೊಟ್ಟ ಹಣಕ್ಕೂ ಬರೀ ದೇಣಿಗೆಗೂ ನಿಯಮ ಒಂದೇ ಅಲ್ಲ. ಆ ಪ್ರಶ್ನೆ ಬಂದರೆ ಸಂಘದ ಲೆಕ್ಕಪರಿಶೋಧಕರನ್ನು ಮೇಜಿನ ಬಳಿ ಕೂರಿಸಿ, ಅವರತ್ತ ಕಳುಹಿಸಿ.