ಆಕರಸೂಚಿಯ ಟಿಪ್ಪಣಿಗಳನ್ನು ನಾನು ಓದುವ ಕ್ರಮ

ಪಿಎಚ್.ಡಿ. ಕೋರ್ಸ್‌ವರ್ಕ್‌ನ ಸಂಶೋಧನಾ ವಿಧಾನ ಪತ್ರಿಕೆಗೆ ನಾನು ಕೊಡುವ ಕೆಲಸಗಳಲ್ಲಿ ಟಿಪ್ಪಣಿಸಹಿತ ಆಕರಸೂಚಿಯೂ ಒಂದು. ವಿದ್ಯಾರ್ಥಿಯು ತನ್ನ ವಿಷಯಕ್ಕೆ ಬೇಕಾದ 20 ಆಕರಗಳನ್ನು ಆರಿಸಿ, ಪ್ರತಿಯೊಂದರ ವಿವರದ ಕೆಳಗೆ ಸುಮಾರು 150 ಪದಗಳ ಟಿಪ್ಪಣಿ ಬರೆಯಬೇಕು. ಆಕರ ಏನು ಹೇಳುತ್ತದೆ ಎಂಬುದಕ್ಕೆ ಎರಡು ಮೂರು ವಾಕ್ಯ ಸಾಕು. ಉಳಿದ ಜಾಗವೆಲ್ಲ ಅದು ತನ್ನ ಸಂಶೋಧನೆಯ ಯಾವ ಕೆಲಸಕ್ಕೆ, ಎಷ್ಟರಮಟ್ಟಿಗೆ ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬ ತೀರ್ಮಾನಕ್ಕೆ ಮೀಸಲು. ನನ್ನ ಕೈಗೆ ಬರುವ ಬಹುತೇಕ ಟಿಪ್ಪಣಿಗಳಲ್ಲಿ ಈ ತೀರ್ಮಾನ ಕೊನೆಯ ಒಂದೇ ವಾಕ್ಯಕ್ಕೆ ಕುಗ್ಗಿರುತ್ತದೆ: ‘ಈ ಲೇಖನ ನನ್ನ ಅಧ್ಯಯನಕ್ಕೆ ಬಹಳ ಉಪಯುಕ್ತವಾಗಿದೆ.’

ಮೊದಲ ಕೆಲವು ವರ್ಷ ನಾನು ಲೇಖನದ ಆರಂಭದಲ್ಲಿರುವ ಸಾರಾಂಶವನ್ನು ಮೊದಲು ಓದಿ, ಆಮೇಲೆ ವಿದ್ಯಾರ್ಥಿಯ ಟಿಪ್ಪಣಿಯನ್ನು ಓದುತ್ತಿದ್ದೆ. ಸಾರಾಂಶ ತಲೆಯಲ್ಲಿರುವಾಗ ಅದರೊಂದಿಗೆ ಹೊಂದುವ ಟಿಪ್ಪಣಿಯೆಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ, ಸಾರಾಂಶಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದಕ್ಕೆ ಅಂಕ ಕೊಡುತ್ತಿದ್ದೆನೇ ಹೊರತು, ವಿದ್ಯಾರ್ಥಿ ಆಕರವನ್ನು ತೂಗಿ ನೋಡಿದ್ದಾನೆಯೇ ಎಂಬುದಕ್ಕಲ್ಲ. ಇದು ಅರಿವಾದ ಮೇಲೆ ಓದುವ ಕ್ರಮವನ್ನೇ ತಿರುಗಿಸಿದೆ. ಈಗ ಮೊದಲು ವಿದ್ಯಾರ್ಥಿಯ ಸಂಶೋಧನಾ ಪ್ರಶ್ನೆಯನ್ನು ಓದಿ, ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳುತ್ತೇನೆ. ಅನಂತರ ಟಿಪ್ಪಣಿಯನ್ನಷ್ಟೇ ಓದಿ, ಈ ಆಕರದಿಂದ ವಿದ್ಯಾರ್ಥಿ ಏನು ಮಾಡಲಿದ್ದಾನೆ ಎಂಬುದನ್ನು ಅಂಚಿನಲ್ಲಿ ಒಂದು ವಾಕ್ಯವಾಗಿ ಬರೆಯಲು ಪ್ರಯತ್ನಿಸುತ್ತೇನೆ. ಆ ವಾಕ್ಯ ಬರೆಯಲಾಗದಿದ್ದರೆ ಟಿಪ್ಪಣಿಯಲ್ಲಿ ಮೌಲ್ಯಮಾಪನ ಇಲ್ಲವೆಂದೇ ಅರ್ಥ. ಸಾರಾಂಶವನ್ನು ತೆರೆಯುವುದು ಇದಾದ ಮೇಲೆ.

ಒಂದು ಉದಾಹರಣೆಯನ್ನು ವಿವರವಾಗಿಯೇ ಹೇಳುತ್ತೇನೆ. ಕೋಲಾರ ಜಿಲ್ಲೆಯ ಕೆರೆಗಳ ನಿರ್ವಹಣೆಯಲ್ಲಿ ನೀರಗಂಟಿಗಳ ಪಾತ್ರ ಹೇಗೆ ಬದಲಾಯಿತು ಎಂಬುದು ಒಬ್ಬ ವಿದ್ಯಾರ್ಥಿನಿಯ ವಿಷಯವಾಗಿತ್ತು. ತೂಬು ತೆರೆದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವವನೇ ನೀರಗಂಟಿ. ಕೆರೆ ಬಳಕೆದಾರರ ಸಂಘಗಳನ್ನು ಕುರಿತ ಒಂದು ಇಂಗ್ಲಿಷ್ ಲೇಖನಕ್ಕೆ ಆಕೆ ಬರೆದಿದ್ದ ಟಿಪ್ಪಣಿ ಹೀಗಿತ್ತು: ‘ಈ ಲೇಖನವು ಕೆರೆ ಬಳಕೆದಾರರ ಸಂಘಗಳ ಕಾರ್ಯವೈಖರಿಯನ್ನು ಪರಿಶೀಲಿಸುತ್ತದೆ. ಸಂದರ್ಶನಗಳ ಮೂಲಕ ಮಾಹಿತಿಯನ್ನು ಸಂಗ್ರಹಿಸಲಾಗಿದೆ. ಸಮುದಾಯದ ಸಹಭಾಗಿತ್ವವು ನಿರ್ವಹಣೆಯನ್ನು ಸುಧಾರಿಸುತ್ತದೆ ಎಂದು ಕಂಡುಕೊಳ್ಳಲಾಗಿದೆ. ನೀತಿ ನಿರೂಪಕರಿಗೆ ಸಲಹೆಗಳನ್ನು ನೀಡಲಾಗಿದೆ. ಇದು ನನ್ನ ಅಧ್ಯಯನಕ್ಕೆ ಬಹಳ ಉಪಯುಕ್ತ.’

ಕೃತಿಚೌರ್ಯ ಪತ್ತೆಯ ತಂತ್ರಾಂಶ ಇದರಲ್ಲಿ ಏನನ್ನೂ ಹಿಡಿಯಲಿಲ್ಲ. ಇಂಗ್ಲಿಷ್ ಸಾರಾಂಶವನ್ನು ಕನ್ನಡಕ್ಕೆ ಇಳಿಸಿದರೆ ಪದಗಳ ಹೋಲಿಕೆಯೇ ಉಳಿಯುವುದಿಲ್ಲ. ಕನ್ನಡದಲ್ಲಿ ಮಹಾಪ್ರಬಂಧ ಬರೆಯುವವರಿಗೆ ಮಾರ್ಗದರ್ಶನ ಮಾಡುವ ನಮಗೆಲ್ಲ ಇದು ದೊಡ್ಡ ತೊಡಕು. ಆದರೆ ವಾಕ್ಯಗಳ ಸಾಲು ಗುಟ್ಟು ಬಿಟ್ಟುಕೊಡುತ್ತದೆ. ಉದ್ದೇಶ, ವಿಧಾನ, ಫಲಿತ, ಸಲಹೆ ಎಂಬ ಈ ಕ್ರಮ ಸಾರಾಂಶದ್ದು. ಒಂದು ಲೇಖನವನ್ನು ತನ್ನ ಪ್ರಶ್ನೆಯೊಂದಿಗೆ ಓದಿದವರು ಈ ಕ್ರಮದಲ್ಲಿ ಬರೆಯುವುದು ಅಪರೂಪ. ಅವರಿಗೆ ಬೇಕಾದದ್ದು ಸಾಮಾನ್ಯವಾಗಿ ನಡುವಿನ ಯಾವುದೋ ಪುಟದಲ್ಲಿ ಇರುತ್ತದೆ. ಜೊತೆಗೆ ‘ಸಂಗ್ರಹಿಸಲಾಗಿದೆ’, ‘ಕಂಡುಕೊಳ್ಳಲಾಗಿದೆ’ ಎಂಬ ಕರ್ಮಣಿ ರೂಪಗಳು ಒಂದರ ಹಿಂದೊಂದು ಬಂದಾಗ, ಇಂಗ್ಲಿಷ್ ವಾಕ್ಯ ಅಡಿಯಲ್ಲಿದೆ ಎಂದು ಸಂದೇಹಪಡುತ್ತೇನೆ. ಸಾರಾಂಶವನ್ನು ಪಕ್ಕದಲ್ಲಿಟ್ಟು ನೋಡಿದಾಗ ನಾಲ್ಕೂ ವಾಕ್ಯ ಅದೇ ಸಾಲಿನಲ್ಲಿ ಸಿಕ್ಕವು.

ಆಕೆಯನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: ‘ಈ ಲೇಖನದಲ್ಲಿ ನೀರಗಂಟಿ ಎಲ್ಲಿದ್ದಾನಮ್ಮ?’ ‘ನೋಡಿಕೊಂಡು ಬರುತ್ತೇನೆ ಸರ್’ ಎಂದು ಹೋದವಳು ಎರಡು ದಿನ ಬಿಟ್ಟು ಬಂದಳು. ಇಡೀ ಲೇಖನದಲ್ಲಿ ನೀರಗಂಟಿಯ ಮಾತು ಬರುವುದು ಒಂದೇ ಪ್ಯಾರಾದಲ್ಲಿ. ಸಂದರ್ಶನಕ್ಕೆ ಸಿಕ್ಕವರೆಲ್ಲ ಸಂಘದ ಪದಾಧಿಕಾರಿಗಳು. ನೀರು ಹಂಚುವವರನ್ನು ಯಾರೂ ಮಾತನಾಡಿಸಿರಲಿಲ್ಲ. ಕ್ಷೇತ್ರಕಾರ್ಯವೂ 2018ಕ್ಕೆ ಮೊದಲಿನದು. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯತೊಡಗಿದ್ದು ಆ ವರ್ಷ. ಆಕೆ ತಿದ್ದಿ ಬರೆದ ಟಿಪ್ಪಣಿಯಲ್ಲಿ ಈ ಮೂರೂ ಸಂಗತಿಗಳಿದ್ದವು. ಸಂಘಗಳ ರಚನೆಯನ್ನು ವಿವರಿಸುವ ಅಧ್ಯಾಯಕ್ಕೆ ಲೇಖನ ಸಾಕು, ನೀರು ಹಂಚಿಕೆಯ ಬಗ್ಗೆ ಅದನ್ನು ಸಾಕ್ಷಿಯಾಗಿ ಬಳಸಲು ಬರುವುದಿಲ್ಲ, ಹೊಸ ನೀರು ಬರುವ ಮೊದಲಿನ ಸ್ಥಿತಿಯನ್ನು ಹೇಳುವುದಕ್ಕೆ ಮಾತ್ರ ಅದರ ಅಂಕಿಗಳು ಸಲ್ಲುತ್ತವೆ ಎಂದು ಸ್ಪಷ್ಟವಾಗಿ ಬರೆದಿದ್ದಳು. ‘ಬಹಳ ಉಪಯುಕ್ತ’ ಎಂಬ ಮಾತು ಹೋಗಿತ್ತು. ಆಕರದ ಬೆಲೆ ತಗ್ಗಿತು, ಟಿಪ್ಪಣಿಯ ಬೆಲೆ ಏರಿತು. ಪೂರ್ಣ ಅಂಕ ಕೊಟ್ಟೆ.

ಸಾರಾಂಶವೇ ಇಲ್ಲದ ಆಕರಗಳನ್ನು ನಾನು ಬೇರೆಯಾಗಿ, ಹೆಚ್ಚು ಎಚ್ಚರದಿಂದ ಓದುತ್ತೇನೆ. ಅದೇ ಪಟ್ಟಿಯಲ್ಲಿ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ ಇತ್ತು. 1905ರಲ್ಲಿ ಬಂದ, ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ಅದು. ಅದಕ್ಕೆ ಆಕೆ ‘ಕರ್ನಾಟಕದ ಇತಿಹಾಸಕ್ಕೆ ಅಮೂಲ್ಯ ಆಕರ’ ಎಂದು ಬರೆದಿದ್ದಳು. ಮಾತು ನಿಜವೇ. ಆದರೆ ದೇವಾಲಯಗಳ ಬಗ್ಗೆಯೋ ವೀರಗಲ್ಲುಗಳ ಬಗ್ಗೆಯೋ ಕೆಲಸ ಮಾಡುವ ಇನ್ನೊಬ್ಬರ ಪಟ್ಟಿಗೆ ಆ ಸಾಲನ್ನು ಎತ್ತಿಟ್ಟರೆ ಒಂದಕ್ಷರವೂ ಬದಲಾಗಬೇಕಿಲ್ಲ. ಬೇರೆಯವರ ವಿಷಯಕ್ಕೆ ಹಾಗೆಯೇ ಹೊಂದುವ ಟಿಪ್ಪಣಿ ಆಕರವನ್ನು ಹೊಗಳುತ್ತದೆ, ಅದರ ಉಪಯುಕ್ತತೆಯನ್ನು ಅಳೆಯುವುದಿಲ್ಲ. ಆಕೆಯ ಪ್ರಶ್ನೆಗೆ ಆ ಸಂಪುಟ ಕೊಡುವುದು ಬೇರೆಯೇ. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯ ಉಲ್ಲೇಖಗಳು, ಬಿತ್ತುವಟ್ಟ, ಕಟ್ಟುಕೊಡಗೆಯಂಥ ಮಾತುಗಳು ಶಾಸನಗಳಲ್ಲಿ ಸಿಗುತ್ತವೆ. ಇಂಗ್ಲಿಷ್ ಅನುವಾದವನ್ನಷ್ಟೇ ನೋಡಿದರೆ ಈ ಮಾತುಗಳು ತಪ್ಪಿಹೋಗಬಹುದಾದ್ದರಿಂದ ಮೂಲಪಾಠವನ್ನೇ ಓದಬೇಕು. ಆ ಜಿಲ್ಲೆಯಲ್ಲಿ ತಮಿಳು ಶಾಸನಗಳೂ ಬಹಳವಿರುವುದರಿಂದ ಅವುಗಳಿಗೆ ಬಲ್ಲವರ ನೆರವು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಶಾಸನ ಹೇಳುವುದು ದಾನ ಕೊಟ್ಟವರ ಸಂಕಲ್ಪವನ್ನು. ನೀರನ್ನು ದಿನದಿನವೂ ಹೇಗೆ ಹಂಚುತ್ತಿದ್ದರು ಎಂಬುದನ್ನು ಅದರಿಂದ ಊಹಿಸಬಹುದೇ ಹೊರತು ಸಾಧಿಸಲಾಗದು. ಟಿಪ್ಪಣಿಯಲ್ಲಿ ನಾನು ಹುಡುಕುವುದು ಇಂಥ ವಾಕ್ಯವನ್ನು.

ನಾನು ಬಹುಕಾಲ ಮೋಸಹೋದದ್ದು ಇನ್ನೊಂದು ಬಗೆಯ ಟಿಪ್ಪಣಿಯಿಂದ. ‘ಮಾದರಿಯ ಗಾತ್ರ ಚಿಕ್ಕದು, ಒಂದೇ ತಾಲ್ಲೂಕಿಗೆ ಸೀಮಿತ’ ಎಂದು ವಿದ್ಯಾರ್ಥಿ ಬರೆದಾಗ ವಿಮರ್ಶೆ ಮಾಡಿದ್ದಾನೆಂದು ಸಂತೋಷದಿಂದ ಅಂಕ ಕೊಡುತ್ತಿದ್ದೆ. ಲೇಖನದ ಕೊನೆಯ ಭಾಗದಲ್ಲಿ ಲೇಖಕರೇ ತಮ್ಮ ಮಿತಿಗಳನ್ನು ಹಾಗೆಯೇ ಹೇಳಿಕೊಂಡಿರುವುದು ತಡವಾಗಿ ಗಮನಕ್ಕೆ ಬಂತು. ಈಗ ಮಿತಿಯ ಮಾತು ಕಂಡಾಗಲೆಲ್ಲ ಲೇಖನದ ಆ ಭಾಗವನ್ನೂ ತೆರೆದು ನೋಡುತ್ತೇನೆ. ಲೇಖಕರ ಮಿತಿಯನ್ನು ಎತ್ತಿಕೊಳ್ಳುವುದು ತಪ್ಪಲ್ಲ. ಆ ಮಿತಿ ತನ್ನ ಕೆಲಸಕ್ಕೆ ಅಡ್ಡಿಯೇ ಅಲ್ಲವೇ ಎಂದು ವಿದ್ಯಾರ್ಥಿ ಹೇಳದಿದ್ದರೆ ಮಾತ್ರ ಅದು ನಕಲು. ಒಂದೇ ತಾಲ್ಲೂಕಿನ ಅಧ್ಯಯನ ಎಂಬುದು ಜಿಲ್ಲೆಯ ಚಿತ್ರ ಬೇಕಾದವರಿಗೆ ಕೊರತೆ, ಅದೇ ತಾಲ್ಲೂಕಿನಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಅನುಕೂಲ.

ಪುಟಸಂಖ್ಯೆ ಬರೆಯುವ ನಿಯಮವನ್ನು ಇತ್ತೀಚೆಗೆ ಸೇರಿಸಿದ್ದೇನೆ. ಪ್ರತಿ ಟಿಪ್ಪಣಿಯಲ್ಲೂ ತೀರ್ಮಾನಕ್ಕೆ ಆಧಾರವಾದ ಒಂದು ಪುಟವನ್ನಾದರೂ ಸೂಚಿಸಬೇಕು, ಆ ಪುಟ ಸಾರಾಂಶ ಇರುವ ಪುಟವಾಗಿರಬಾರದು. ಕೋಲಾರದ ಆ ವಿದ್ಯಾರ್ಥಿನಿ ಈ ನಿಯಮದಂತೆ ಪಟ್ಟಿಯನ್ನು ಮತ್ತೆ ಓದಿದಾಗ, ಯಾವ ಪುಟವನ್ನೂ ತೋರಿಸಲಾಗದ ನಾಲ್ಕು ಲೇಖನಗಳನ್ನು ತಾನಾಗಿಯೇ ಕೈಬಿಟ್ಟು, 16 ಆಕರಗಳ ಪಟ್ಟಿಯನ್ನು ತಂದುಕೊಟ್ಟಳು. ನಾನು ಅದನ್ನು ಹಾಗೆಯೇ ಒಪ್ಪಿಕೊಂಡೆ.